ಹೆದರಿದರೆ ಮುಖ ಬಿಳಿಚುತ್ತದೆ, ನಾಚಿದರೆ ಕೆಂಪಾಗುತ್ತದೆ. ಎರಡೂ ಗಾಬರಿಯೇ ಅಲ್ವಾ?

ಸವಿತಾ_ಧಾರವಾಡ

ಹೋದ ತಿಂಗಳು ನನ್ನ ಮದುವೆ ಆಯಿತು. ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹಾಕಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಅಂದರು. ಎರಡು ದಿನ ಬಾಯಿಪಾಠ ಮಾಡಿಕೊಂಡಿದ್ದೆ. "ತಾಟಿನ್ಯಾಗ ಹೋಳಿಗಿ, ಮ್ಯಾಲ ತುಪ್ಪದ ಧಾರಿ" ಅಂತ ಶುರು ಮಾಡಿದೆ ಅಷ್ಟೇ, ಕಿವಿ ಎರಡೂ ಕಾದ ಹಂಚಿನ ಹಾಗೆ ಆದವು. ಮುಂದಿನ ಸಾಲು ಮರೆತೇ ಹೋಯಿತು. ಆಗ ಅತ್ತೆಯ ತಂಗಿ "ನೋಡ್ರೆವ್ವಾ, ಹೆಂಗ ಕೆಂಪಗಾದ್ಲು" ಅಂದುಬಿಟ್ಟರು. ಅದಾದ ಮೇಲಂತೂ ಕುತ್ತಿಗೆವರೆಗೂ ಬಿಸಿ.

ನನ್ನ ಪ್ರಶ್ನೆ ಇದು. ಚಿಕ್ಕವಳಿದ್ದಾಗ ನಾಯಿ ಅಟ್ಟಿಸಿಕೊಂಡು ಬಂದಿತ್ತು. ಆಗ ಮುಖದಲ್ಲಿ ರಕ್ತವೇ ಇರಲಿಲ್ಲ, ಸುಣ್ಣದ ಹಾಗೆ ಆಗಿದ್ದೆ ಅಂತ ಅಮ್ಮ ಈಗಲೂ ಹೇಳುತ್ತಾಳೆ. ಎರಡು ಸಲವೂ ಎದೆ ಒಂದೇ ರೀತಿ ಹೊಡೆದುಕೊಂಡಿತ್ತು. ಹಾಗಿದ್ದರೆ ಒಮ್ಮೆ ಬಿಳಿ, ಒಮ್ಮೆ ಕೆಂಪು ಯಾಕೆ? ಇನ್ನೊಂದು, ಯಾರಾದರೂ ಹೊಗಳಿದರೂ ನನಗೆ ಹೀಗೇ ಆಗುತ್ತದೆ. ಹೊಗಳಿದರೆ ನಾಚುವುದು ಏನಿದೆ?

ಗಿರೀಶ್‌ಭಟ್

ಸಿಂಪಲ್ಲು. ಗಾಬರಿ ಆದಾಗ ಅಡ್ರಿನಲಿನ್ ಬಿಡುಗಡೆ ಆಗುತ್ತದೆ. ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ. ಮುಖದ ಚರ್ಮ ತೆಳು, ಅದಕ್ಕೆ ಅಲ್ಲಿ ರಕ್ತ ಉಕ್ಕಿ ಕೆಂಪಾಗಿ ಕಾಣುತ್ತದೆ. ಬೇರೆ ಏನೂ ಇಲ್ಲ.

ಅಡ್ಡಪ್ರಶ್ನೆ

ಗಿರೀಶ್ ಅವರೇ, ನಾಯಿ ಅಟ್ಟಿಸಿಕೊಂಡು ಬಂದಾಗಲೂ ಅಡ್ರಿನಲಿನ್ ಇತ್ತು, ಬಿ.ಪಿ. ಇತ್ತು, ಅದೇ ತೆಳು ಚರ್ಮ ಇತ್ತು. ಮುಖ ಬಿಳಿಚಿತು. ಅವರು ಕೇಳಿದ್ದೇ ಅದನ್ನು.

ಕಾಫಿಪುಡಿ

ನನಗೂ ಹೀಗೇ ಆಗುತ್ತದೆ! ಖಾರದ ಚಟ್ನಿ ತಿಂದರೆ, ಬಿಸಿಲಿಗೆ ಹೋಗಿ ಬಂದರೆ ಎರಡೂ ಕೆನ್ನೆ, ಮೂಗಿನ ತುದಿ ಕೆಂಪು. ಮೂರು ವರ್ಷದಿಂದ ಇದೆ. ಈಗೀಗ ಸಣ್ಣ ಸಣ್ಣ ಗುಳ್ಳೆ ಕೂಡ. ಅಲೋವೆರಾ ಹಚ್ಚಿದರೆ ಹೋಗುತ್ತದಾ?

ನರಮಂಡಲ

ಕಾಫಿಪುಡಿ, ನಿಮ್ಮದು ನಾಚಿಕೆಯ ಕೆಂಪಲ್ಲ. ನಾಚಿಕೆಯ ಕೆಂಪು ಒಂದೆರಡು ಸೆಕೆಂಡಿನಲ್ಲಿ ಬಂದು ಕೆಲವು ನಿಮಿಷದಲ್ಲಿ ಹೋಗುತ್ತದೆ, ಗುಳ್ಳೆ ಬಿಡುವುದಿಲ್ಲ. ಖಾರ, ಬಿಸಿಲಿಗೆ ಕೆಂಪಾಗಿ ಹಾಗೇ ಉಳಿದು ಗುಳ್ಳೆಯೂ ಬರುತ್ತಿದ್ದರೆ ರೊಸೇಶಿಯಾ ಅನ್ನುವ ಚರ್ಮದ ಕಾಯಿಲೆ ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಿ.

ಸವಿತಾ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ನಾನು ಇಪ್ಪತ್ತು ವರ್ಷದಿಂದ ಮೆಡಿಕಲ್ ಮಕ್ಕಳಿಗೆ ಫಿಸಿಯಾಲಜಿ ಪಾಠ ಮಾಡುತ್ತಿದ್ದೇನೆ. ವರ್ಷಕ್ಕೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ. ಉತ್ತರ ಕೊಡುವ ಮೊದಲು ಒಂದು ಕೇಳಲಾ? ಒಡಪು ಹೇಳುವಾಗ ನಿಮ್ಮ ಕೈ ಹೇಗಿತ್ತು?

ಸವಿತಾ_ಧಾರವಾಡ

ಕೈ? ತಣ್ಣಗೆ ಕೊರೆಯುತ್ತಿತ್ತು! ಸೇರು ಒದೆಯುವ ಮುಂಚೆ ಇವರು ಕೈ ಹಿಡಿದಾಗ "ಯಾಕೆ ಇಷ್ಟು ತಣ್ಣಗಿದೆ" ಅಂತ ಕೇಳಿದ್ದರು.

ನರಮಂಡಲ

ನೋಡಿ, ಉತ್ತರ ಅಲ್ಲೇ ಇದೆ. ಒಂದೇ ಹೊತ್ತಿನಲ್ಲಿ, ಒಂದೇ ಮೈಯಲ್ಲಿ, ಕೈ ತಣ್ಣಗೆ, ಕಿವಿ ಬಿಸಿ. ಗಿರೀಶ್ ಹೇಳಿದ ಹಾಗೆ ಬರೀ ಬಿ.ಪಿ. ಏರಿ ರಕ್ತ ನುಗ್ಗಿದ್ದರೆ ಕೈಯೂ ಬಿಸಿ ಆಗಬೇಕಿತ್ತು.

ನಮ್ಮ ಇಷ್ಟಾನಿಷ್ಟ ಕೇಳದೆ ಕೆಲಸ ಮಾಡುವ ಒಂದು ನರಜಾಲ ಇದೆ. ಸಿಂಪಥೆಟಿಕ್ ನರಗಳು ಅನ್ನುತ್ತಾರೆ. ಎದೆ ಹೊಡೆದುಕೊಳ್ಳುವುದು, ಬೆವರುವುದು ಎಲ್ಲ ಇವುಗಳ ಕೆಲಸ. ಬೆರಳಿನ ಚರ್ಮಕ್ಕೆ ಹೋಗುವ ಇಂಥ ನರಗಳು ಹೆಚ್ಚಾಗಿ ರಕ್ತನಾಳವನ್ನು ಬಿಗಿ ಮಾಡುತ್ತವೆ. ಅದಕ್ಕೇ ಗಾಬರಿಯಾದರೆ ಕೈ ತಣ್ಣಗಾಗುತ್ತದೆ. ಮುಖದ ಕಥೆ ಬೇರೆ. ಅಲ್ಲಿ ಬಿಗಿ ಮಾಡುವ ನರವೂ ಇದೆ, ಸಡಿಲ ಮಾಡುವ ನರವೂ ಇದೆ. ಎರಡೂ ಅದೇ ಸಿಂಪಥೆಟಿಕ್ ಬಳಗದವು. ಹೆದರಿದಾಗ ಬಿಗಿ ಮಾಡುವವು ಗೆಲ್ಲುತ್ತವೆ. ನಾಚಿದಾಗ ಸಡಿಲ ಮಾಡುವವು ಕೆಲಸಕ್ಕೆ ಇಳಿಯುತ್ತವೆ. ಅಂದರೆ ನಾಚಿಕೆಯ ಕೆಂಪು ರಕ್ತ ಉಕ್ಕಿ ಹರಿದಿದ್ದಲ್ಲ, ನರವೇ ಕೈಯಾರೆ ಬಾಗಿಲು ತೆಗೆದಿದ್ದು.

ಇನ್ನೊಂದು ಸ್ವಾರಸ್ಯ. 1982ರಲ್ಲಿ ಸ್ವೀಡನ್ನಿನ ಮೆಲಾಂಡರ್ ಮತ್ತು ಸಂಗಡಿಗರು ಮುಖದಿಂದ ರಕ್ತ ವಾಪಸ್ ಒಯ್ಯುವ ವೇನನ್ನು ಪರೀಕ್ಷಿಸಿದರು. ಆ ವೇನಿನಲ್ಲಿ ನರದ ಸಂದೇಶವನ್ನು ಹಿಡಿಯುವ, ಬೀಟಾ ಅನ್ನುವ ಗ್ರಾಹಕಗಳು ಇವೆ. ನರದ ಸಂದೇಶ ಬಂದರೆ ಅದು ಬಿಗಿಯಾಗುವ ಬದಲು ಹಿಗ್ಗುತ್ತದೆ. ಕೆನ್ನೆಯ ಚರ್ಮದಡಿ ರಕ್ತ ತುಂಬಿಕೊಂಡು ನಿಲ್ಲಲು ಇದೂ ಒಂದು ಕಾರಣ ಇರಬೇಕು.

ಗಿರೀಶ್‌ಭಟ್

ಸರಿ ಮೇಡಂ, ಬಿ.ಪಿ. ಬಿಟ್ಟೆ. ಆದರೆ ಅಡ್ರಿನಲಿನ್ ಬಿಡಲ್ಲ. ಬೀಟಾ ಗ್ರಾಹಕ ಅಂದರೆ ಅಡ್ರಿನಲಿನ್‌ಗೇ ಸ್ಪಂದಿಸುವಂಥದ್ದು ತಾನೇ? ಹಾಗಾದರೆ ರಕ್ತದಲ್ಲಿ ಹರಿದು ಬಂದ ಅಡ್ರಿನಲಿನ್ನೇ ಕೆನ್ನೆಯನ್ನು ಕೆಂಪು ಮಾಡಿತು ಅನ್ನಬಹುದಲ್ಲ? ನರ ಯಾಕೆ ಬೇಕು?

ಓಟಗಾರ_77

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಮುಖದ ಎಡಭಾಗ ಮಾತ್ರ ಕೆಂಪಾಗುತ್ತದೆ. ಸುಮಾರು ಒಂದು ವರ್ಷದಿಂದ. ಬೆಳಿಗ್ಗೆ ಐದಾರು ಕಿಲೋಮೀಟರ್ ಓಡುತ್ತೇನೆ. ಓಡಿ ಬಂದು ಕನ್ನಡಿ ನೋಡಿದರೆ ಹಣೆ, ಮೂಗು, ಗದ್ದದ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಎಡ ಕೆಂಪು, ಬಲ ಮಾಮೂಲಿ ಬಣ್ಣ. ಆಫೀಸಿನಲ್ಲಿ ಎಲ್ಲರೆದುರು ಬಾಸ್ ಹೊಗಳಿದಾಗಲೂ ಹಾಗೇ ಆಯಿತಂತೆ, ಪಕ್ಕದಲ್ಲಿದ್ದವನು ಫೋಟೋ ತೆಗೆದು ತೋರಿಸಿದ. ಒಬ್ಬ ಡಾಕ್ಟರು ಅಲರ್ಜಿ ಅಂತ ಎಡಗೆನ್ನೆಗೆ ಕ್ರೀಮು ಕೊಟ್ಟರು. ನಾಲ್ಕು ಟ್ಯೂಬ್ ಮುಗಿಸಿದೆ. ಎಡಭಾಗ ಸರಿ ಹೋಗಲಿಲ್ಲ.

ನರಮಂಡಲ

ಓಟಗಾರರೇ, ಕ್ರೀಮು ಬಿಡಿ. ನಿಮ್ಮ ಎಡಗೆನ್ನೆ ಸರಿಯಾಗಿಯೇ ಇದೆ. ಐದು ಕಿಲೋಮೀಟರ್ ಓಡಿದರೆ ಮುಖ ಕೆಂಪಾಗಲೇಬೇಕು. ಕೆಂಪಾಗದ ಬಲಗೆನ್ನೆಯದ್ದೇ ತೊಂದರೆ. ಇಂಥ ಪ್ರಸಂಗದಲ್ಲಿ ಎಲ್ಲರೂ ಕೆಂಪಾದ ಕಡೆಯನ್ನೇ ದೂರುತ್ತಾರೆ.

ಮೂರು ವಿಷಯ ನೋಡಿ ಹೇಳಿ. ಓಡಿದ ಮೇಲೆ ಬಲ ಹಣೆ, ಬಲಗೆನ್ನೆ ಬೆವರುತ್ತದಾ ಅಥವಾ ಒಣಗಿರುತ್ತದಾ? ಬಲಗಣ್ಣಿನ ರೆಪ್ಪೆ ಎಡಕ್ಕಿಂತ ಸ್ವಲ್ಪ ಜೋತು ಬಿದ್ದಿದೆಯಾ? ಮಂದ ಬೆಳಕಿನಲ್ಲಿ ಎರಡೂ ಕಣ್ಣಿನ ಪಾಪೆ ಒಂದೇ ಅಳತೆ ಇದೆಯಾ, ಬಲದ್ದು ಚಿಕ್ಕದಾ? ಕುತ್ತಿಗೆ, ಥೈರಾಯ್ಡ್, ಎದೆಗೆ ಯಾವುದಾದರೂ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ.

ಓಟಗಾರ_77

ಬಲಭಾಗ ಒಣಗಿರುತ್ತದೆ! ನೀವು ಹೇಳಿದ ಮೇಲೆ ಇವತ್ತು ಗಮನಿಸಿದೆ. ಬೆವರಿನ ಹನಿ ಎಡಗಡೆ ಮಾತ್ರ. ಒಂದು ವರ್ಷ ಕನ್ನಡಿ ನೋಡಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ರೆಪ್ಪೆ ಸರಿ ಇದೆ. ಪಾಪೆ ಹೆಂಡತಿ ಟಾರ್ಚ್ ಹಿಡಿದು ನೋಡಿದಳು, ಲೈಟ್ ಆರಿಸಿಯೂ ನೋಡಿದಳು, ಒಂದೇ ಥರ ಇದೆಯಂತೆ. ಆಪರೇಷನ್ ಯಾವುದೂ ಆಗಿಲ್ಲ.

ನರಮಂಡಲ

ಗಿರೀಶ್ ಕೇಳಿದ ಪ್ರಶ್ನೆಗೆ ಓಟಗಾರರ ಮುಖವೇ ಉತ್ತರ. ರಕ್ತದಲ್ಲಿ ಹರಿಯುವ ಅಡ್ರಿನಲಿನ್ ಎಡಗೆನ್ನೆ, ಬಲಗೆನ್ನೆ ಅಂತ ಭೇದ ಮಾಡುವುದಿಲ್ಲ. ಎರಡೂ ಕಡೆ ಒಂದೇ ರಕ್ತ. ಕೆಂಪು ನಟ್ಟನಡುವೆ ಗೆರೆ ಎಳೆದ ಹಾಗೆ ನಿಲ್ಲಬೇಕಾದರೆ ಅದನ್ನು ಮಾಡುತ್ತಿರುವುದು ನರ. ಎಡಕ್ಕೊಂದು ಲೈನು, ಬಲಕ್ಕೊಂದು ಲೈನು. ಇವರ ಬಲದ ಲೈನು ಎಲ್ಲೋ ಕಡಿದಿದೆ ಅಥವಾ ದುರ್ಬಲ ಆಗಿದೆ.

ಆ ಲೈನು ಹೋಗುವ ದಾರಿ ತಮಾಷೆಯಾಗಿದೆ. ಮಿದುಳಿನಿಂದ ಹೊರಟು ನೇರ ಮುಖಕ್ಕೆ ಬರುವುದಿಲ್ಲ. ಬೆನ್ನುಹುರಿಯಲ್ಲಿ ಎದೆಯ ಮಟ್ಟದವರೆಗೆ ಕೆಳಗೆ ಇಳಿಯುತ್ತದೆ. ಅಲ್ಲಿ ಹೊರಬಂದು, ಶ್ವಾಸಕೋಶದ ತುದಿಯ ಪಕ್ಕ ಹಾದು, ಮತ್ತೆ ಕುತ್ತಿಗೆಗೆ ಹತ್ತಿ, ಅಲ್ಲಿನ ರಕ್ತನಾಳವನ್ನು ತಬ್ಬಿಕೊಂಡು ಮುಖ ಸೇರುತ್ತದೆ. ಕಣ್ಣಿನ ಪಾಪೆಯ ನರ ಹೆಚ್ಚಾಗಿ ಎದೆಯ ಮೊದಲ ಮಟ್ಟದಲ್ಲಿ ಹೊರಬರುತ್ತದೆ. ಮುಖವನ್ನು ಕೆಂಪು ಮಾಡುವ, ಬೆವರಿಸುವ ನರಗಳು ಹೆಚ್ಚಾಗಿ ಎರಡು, ಮೂರನೇ ಮಟ್ಟದಲ್ಲಿ. ಹಾಗಾಗಿ ತೊಂದರೆ ಮೊದಲ ಮಟ್ಟದ ಕೆಳಗಿದ್ದರೆ ಪಾಪೆ, ರೆಪ್ಪೆ ಚೆನ್ನಾಗಿಯೇ ಇದ್ದು ಮುಖ ಮಾತ್ರ ಅರ್ಧ ಕೆಂಪಾಗುತ್ತದೆ. ನೀವು ಹೇಳಿದ್ದಕ್ಕೆ ಇದು ಹೊಂದುತ್ತದೆ.

1988ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಲ್ಯಾನ್ಸ್, ಪೀಟರ್ ಡ್ರಮಂಡ್ ಮುಂತಾದವರು ಇಂಥ 5 ಜನರ ಬಗ್ಗೆ ಬರೆದು ಹಾರ್ಲೆಕ್ವಿನ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಹಾರ್ಲೆಕ್ವಿನ್ ಅಂದರೆ ಇಟಲಿಯ ನಾಟಕದಲ್ಲಿ ಬಣ್ಣಬಣ್ಣದ ತುಂಡಿನ ಬಟ್ಟೆ ತೊಟ್ಟು ಬರುವ ಹಾಸ್ಯಗಾರ. ಬಹಳಷ್ಟು ಜನರಲ್ಲಿ ಇದರಿಂದ ಅಪಾಯ ಇಲ್ಲ. ಆದರೂ ಆ ದಾರಿಯಲ್ಲಿ ಗಂಟು ಗಿಂಟು ಏನಾದರೂ ನರವನ್ನು ಒತ್ತುತ್ತಿದೆಯಾ ಅಂತ ನ್ಯೂರಾಲಜಿಸ್ಟ್ ಒಮ್ಮೆ ಎದೆ, ಕುತ್ತಿಗೆಯ ಸ್ಕ್ಯಾನ್ ಮಾಡಿಸಿ ನೋಡಬೇಕು. ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಇದ್ದಕ್ಕಿದ್ದ ಹಾಗೆ ಒಂದು ರೆಪ್ಪೆ ಜೋತು, ಅದೇ ಕಣ್ಣಿನ ಪಾಪೆ ಚಿಕ್ಕದಾಗಿ, ಕುತ್ತಿಗೆ ಅಥವಾ ತಲೆ ನೋವೂ ಇದ್ದರೆ ಕಾಯಬೇಡಿ. ಕುತ್ತಿಗೆಯ ರಕ್ತನಾಳ ಒಳಗೆ ಸೀಳಿರಬಹುದು. ಆಗ ಎಮರ್ಜೆನ್ಸಿಗೇ ಹೋಗಬೇಕು.

ಗಿರೀಶ್‌ಭಟ್

ಒಪ್ಪಿದೆ. ಬೀಟಾ ಅಂದಿದ್ದಾದರೂ ಸರಿ ಇತ್ತಲ್ಲ, ಅರ್ಧ ಮಾರ್ಕ್ಸ್ ಕೊಡಿ.

ನರಮಂಡಲ

ಕೊಟ್ಟೆ. ಅದಕ್ಕೂ ಪರೀಕ್ಷೆ ಇದೆ. 1997ರಲ್ಲಿ ಡ್ರಮಂಡ್ ಅವರು ಬೀಟಾ ಗ್ರಾಹಕವನ್ನು ತಡೆಯುವ ಔಷಧಿಯನ್ನು ಕೆನ್ನೆಯ ಒಂದು ಜಾಗದ ಚರ್ಮದೊಳಗೆ ಹಾಯಿಸಿ, ಆಮೇಲೆ ಜನರನ್ನು ಮುಜುಗರಕ್ಕೆ ಸಿಕ್ಕಿಸಿದರು. ಆ ಜಾಗದಲ್ಲಿ ರಕ್ತ ಹರಿಯುವುದು ಕಡಿಮೆ ಆಯಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಅಂದರೆ ಬೀಟಾ ಜೊತೆ ಇನ್ನೇನೋ ಇದೆ.

ಭಾಗ್ಯ_ಅಕ್ಕ

ನಮ್ಮ ಮಗ ಎಂ.ಎಸ್ಸಿ. ಮಾಡುತ್ತಿದ್ದಾನೆ. ಸೆಮಿನಾರ್ ಅಂದರೆ ಟೊಮೆಟೊ ಆಗುತ್ತಾನೆ. ಅವನ ಗೆಳೆಯ ಪ್ರೊಪ್ರನೊಲಾಲ್ ಅಂತ ಮಾತ್ರೆ ಕೊಟ್ಟಿದ್ದಾನಂತೆ. ಅದು ಬೀಟಾ ತಡೆಯುವುದೇ ಅಲ್ವಾ? ಇನ್ನೊಬ್ಬರು ಆಪರೇಷನ್ ಇದೆ ಅಂದರು. ಯಾವುದು ಒಳ್ಳೇದು?

ನರಮಂಡಲ

ಅಕ್ಕಾ, ಗೆಳೆಯ ಕೊಟ್ಟ ಮಾತ್ರೆ ಬೇಡವೇ ಬೇಡ. ಆಸ್ತಮಾ ಇದ್ದವರಿಗೆ ಅದು ಉಸಿರೇ ಕಟ್ಟಿಸಬಹುದು. ಕೈ ನಡುಕ, ಎದೆ ಬಡಿತ ಕಡಿಮೆ ಮಾಡುತ್ತದೆ, ನಿಜ. ಕೆಂಪು ಮಾತ್ರ ಆಮೇಲೂ ಉಳಿಯಬಹುದು.

ಆಪರೇಷನ್ ಇರುವುದು ನಿಜ. 1990ರ ದಶಕದಲ್ಲಿ ಸ್ವೀಡನ್ನಿನ ಸರ್ಜನ್‌ಗಳು ಇದನ್ನು ಜಾಸ್ತಿ ಮಾಡಿದರು. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮರಾ ತೂರಿಸಿ, ನಾನು ಮೇಲೆ ಹೇಳಿದ ಆ ಲೈನನ್ನೇ ಎದೆಯೊಳಗೆ ಕತ್ತರಿಸುತ್ತಾರೆ. ಎರಡೂ ಕಡೆ. ಅಂದರೆ ಓಟಗಾರರ ಬಲಗೆನ್ನೆಗೆ ತಾನಾಗಿ ಆಗಿದ್ದನ್ನು ಬೇಕಂತಲೇ ಮಾಡುವುದು. ಬಹಳ ಜನಕ್ಕೆ ಕೆಂಪು ನಿಲ್ಲುತ್ತದೆ. ಆದರೆ ಮುಖ ಬೆವರದ ಲೆಕ್ಕವನ್ನು ಬೆನ್ನು, ಹೊಟ್ಟೆ, ತೊಡೆ ತೀರಿಸುತ್ತವೆ. ಕೆಲವರಿಗೆ ದಿನಕ್ಕೆ ಮೂರು ಸಲ ಅಂಗಿ ಬದಲಿಸುವಷ್ಟು ಬೆವರು. ಕತ್ತರಿಸಿದ ನರ ಮತ್ತೆ ಜೋಡಿಸುವುದು ಕಷ್ಟ. ನಮ್ಮ ಕರಾವಳಿಯ ಸೆಕೆಯಲ್ಲಿ ಇರುವವರು ಇದನ್ನು ಹತ್ತು ಸಲ ಯೋಚಿಸಬೇಕು. ಸೆಮಿನಾರ್ ಭಯಕ್ಕೆ ಮೊದಲು ಮನಸ್ಸಿನ ಡಾಕ್ಟರು ಅಥವಾ ಕೌನ್ಸೆಲರ್ ಬಳಿ ಕರೆದೊಯ್ಯಿರಿ. ಕೆಂಪಿಗಿಂತ, ಕೆಂಪಾಗುತ್ತೇನೆ ಅನ್ನುವ ಭಯವೇ ಜಾಸ್ತಿ ಕಾಡುವುದು.

ಸವಿತಾ_ಧಾರವಾಡ

ಆ ಕೊನೆಯ ಮಾತು ನನಗೂ ಆಗಿದೆ. ಚಿಕ್ಕಮ್ಮ "ಕೆಂಪಗಾದ್ಲು" ಅಂದ ಮೇಲೆಯೇ ಜಾಸ್ತಿ ಆಗಿದ್ದು. ಮತ್ತೆ ಹೊಗಳಿಕೆ?

ನರಮಂಡಲ

ಮಾರ್ಕ್ ಲಿಯರಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1992ರಲ್ಲಿ ಒಂದು ವಾದ ಮುಂದಿಟ್ಟರು. ಕೆಂಪಾಗಲು ತಪ್ಪು ಮಾಡಿರಬೇಕಿಲ್ಲ, ಬೇಡದಷ್ಟು ಕಣ್ಣುಗಳು ನಮ್ಮ ಮೇಲೆ ಬಿದ್ದರೆ ಸಾಕು. ಜಾರಿ ಬಿದ್ದಾಗ ಎಲ್ಲರೂ ನೋಡುತ್ತಾರೆ. ಹೊಗಳಿದಾಗಲೂ ಎಲ್ಲರೂ ನೋಡುತ್ತಾರೆ. "ಕೆಂಪಾದೆ" ಅಂದಾಗಲಂತೂ ಮುಖವನ್ನೇ ನೋಡುತ್ತಾರೆ. ನಿಮ್ಮ ಮೂರೂ ಪ್ರಸಂಗಕ್ಕೆ ಇದು ಹೊಂದುತ್ತದೆ.

ಡ್ರಮಂಡ್ ಮತ್ತು ಮಿರ್ಕೊ 2004ರಲ್ಲಿ ಇದಕ್ಕೊಂದು ಮಜವಾದ ಪರೀಕ್ಷೆ ಮಾಡಿದರು. ಹಾಡು ಹೇಳುತ್ತಿದ್ದವರ ಮುಖದ ಒಂದೇ ಪಕ್ಕವನ್ನು ಹತ್ತಿರದಿಂದ ದಿಟ್ಟಿಸಿ ನೋಡಿದರು. ನೋಡಿಸಿಕೊಂಡ ಪಕ್ಕದಲ್ಲಿ ರಕ್ತ ಜಾಸ್ತಿ ಹರಿಯಿತು! ಇದು ಯಾಕೆ ಹಾಗೆ ಅಂತ ನನಗೆ ಇವತ್ತಿಗೂ ಬೆರಗು.

ಅಡ್ಡಪ್ರಶ್ನೆ

ಎಲ್ಲ ಸರಿ. ಆದರೆ ಇದರಿಂದ ಉಪಯೋಗ ಏನು? ಕ್ಷಮೆ ಕೇಳುವ ಸನ್ನೆ ಅನ್ನುತ್ತಾರೆ ಕೆಲವರು. ನನ್ನ ಬಣ್ಣ ಎಣ್ಣೆಗಪ್ಪು. ನಾನು ನಾಚಿದರೆ ನನ್ನ ಹೆತ್ತಮ್ಮನಿಗೂ ಕಾಣುವುದಿಲ್ಲ. ಕಿವಿ ಮಾತ್ರ ಸುಡುತ್ತದೆ. ಕಾಣದ ಸನ್ನೆ ಯಾರಿಗೆ? ಕನ್ನಡದಲ್ಲಿ "ನಾಚಿ ನೀರಾದಳು" ಅನ್ನುತ್ತೇವೆ. "ಮುಖ ಕೆಂಪಗೆ ಮಾಡಿಕೊಂಡ" ಅಂದರೆ ನಮ್ಮ ಕಡೆ ಸಿಟ್ಟು ಬಂತು ಅಂತಲೇ ಮೊದಲು ಅರ್ಥ. ಬಿಳಿಯರ ಕೆನ್ನೆ ನೋಡಿ ಕಟ್ಟಿದ ಸಿದ್ಧಾಂತ ಇದು ಅಂತ ನನ್ನ ಅನುಮಾನ.

ನರಮಂಡಲ

ಈ ಅನುಮಾನ ಹಳೆಯದು. ಡಾರ್ವಿನ್ 1872ರ ಪುಸ್ತಕದಲ್ಲಿ ಕೆಂಪೇರುವುದಕ್ಕೇ ಒಂದು ಅಧ್ಯಾಯ ಇಟ್ಟರು. ಬೇರೆ ಬೇರೆ ದೇಶಗಳಲ್ಲಿ ಇದ್ದವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಬಣ್ಣದವರು ನಾಚಿದಾಗ ಏನಾಗುತ್ತದೆ ಅಂತ ಕೇಳಿದರು. ಬರ್ಜೆಸ್ ಎಂಬ ವೈದ್ಯರು ಕಂಡಿದ್ದನ್ನೂ ಅಲ್ಲಿ ಎತ್ತಿ ಹೇಳಿದ್ದಾರೆ. ಒಬ್ಬ ಕಪ್ಪು ಮಹಿಳೆಯ ಮುಖದಲ್ಲಿ ಗಾಯದ ಕಲೆ ಇತ್ತು. ಅಲ್ಲಿ ಬಣ್ಣ ಇರಲಿಲ್ಲ. ಆಕೆ ಮುಜುಗರಪಟ್ಟಾಗಲೆಲ್ಲ ಆ ಕಲೆ ಕೆಂಪಾಗುತ್ತಿತ್ತು. ಅಂದರೆ ರಕ್ತ ಎಲ್ಲರಲ್ಲೂ ಹರಿಯುತ್ತದೆ, ಚರ್ಮದ ಬಣ್ಣ ಅದಕ್ಕೆ ಪರದೆ ಹಾಕುತ್ತದೆ ಅಷ್ಟೇ. ಡಾರ್ವಿನ್ ಹೇಳಿದ ಕಾರಣ ಮಾತ್ರ ತಪ್ಪು. ಮುಖದ ಕಡೆ ಗಮನ ಕೊಟ್ಟೂ ಕೊಟ್ಟೂ ಅಲ್ಲಿನ ರಕ್ತನಾಳಕ್ಕೆ ಆ ಅಭ್ಯಾಸ ಬಂತು, ಅದು ಪೀಳಿಗೆಯಿಂದ ಪೀಳಿಗೆಗೆ ಹರಿದು ಬಂತು ಅಂದುಕೊಂಡಿದ್ದರು.

ಸನ್ನೆಯ ವಾದಕ್ಕೂ ಆಧಾರ ಇದೆ. ನೆದರ್‌ಲ್ಯಾಂಡ್ಸ್‌ನ ಕೊರೀನ್ ಡೈಕ್ ಮತ್ತು ಸಂಗಡಿಗರು ನಂಬಿಕೆಯ ಆಟವೊಂದರಲ್ಲಿ ಇದನ್ನು ನೋಡಿದರು. ಮೋಸ ಮಾಡಿದ ಎದುರಾಳಿಯ ಕೆಂಪಾದ ಫೋಟೋ ತೋರಿಸಿದಾಗ ಜನ ಮತ್ತೆ ಸ್ವಲ್ಪ ನಂಬಿದರು. ಆದರೆ ನೀವು ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಈಗ ಉಪಯೋಗಕ್ಕೆ ಬರುತ್ತದೆ ಅಂದ ಮಾತ್ರಕ್ಕೆ ಅದಕ್ಕಾಗಿಯೇ ಹುಟ್ಟಿತು ಅನ್ನಲಾಗದು.

ಅಡ್ಡಪ್ರಶ್ನೆ

ಹಾಗಾದರೆ ನನ್ನ ಪ್ರಶ್ನೆ ಹಾಗೇ ಇದೆ.

ನರಮಂಡಲ

ಇದೆ. ನಾನೂ ಅದನ್ನು ಮುಚ್ಚಲು ಹೋಗುವುದಿಲ್ಲ.

ಗಿರೀಶ್‌ಭಟ್

ಮುಂದಿನವರ ಮನಸ್ಸಿನಲ್ಲಿ ಏನಿದೆ ಅಂತ ಲೆಕ್ಕ ಹಾಕುವುದರಿಂದಲೇ ಇದು ಬರುತ್ತದೆ, ಅದಕ್ಕೇ ಹಸುಗೂಸುಗಳು ನಾಚುವುದಿಲ್ಲ ಅಂತ ಎಲ್ಲೋ ಓದಿದ್ದೆ.

ನರಮಂಡಲ

ಹಸುಗೂಸಿನ ಮಾತು ಡಾರ್ವಿನ್ ಕೂಡ ಹೇಳಿದ್ದಾರೆ. ಆದರೆ 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು ಹರೆಯದ ಹುಡುಗಿಯರಿಂದ ಕರೋಕೆ ಹಾಡಿಸಿ, ಅವರವರ ವಿಡಿಯೋವನ್ನು ಅವರಿಗೇ ತೋರಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರು. ಪಾಪ, ಅದು ಹಿಂಸೆಯೇ! ಕೆನ್ನೆ ಜಾಸ್ತಿ ಬಿಸಿಯಾದವರಲ್ಲಿ ಹಿಂಬದಿಯ ಸೆರೆಬೆಲ್ಲಮ್ ಚುರುಕಾಗಿತ್ತು. ಬೇರೆಯವರ ಮನಸ್ಸನ್ನು ಊಹಿಸುವ ಭಾಗಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಒಂದೇ ಪ್ರಯೋಗ ಅದು. ಆದರೂ ಅಷ್ಟೆಲ್ಲ ಲೆಕ್ಕ ಹಾಕುವ ಮುಂಚೆಯೇ ಮುಖ ಕೆಂಪಾಗಿರುತ್ತದೇನೋ.

ಕಾಫಿಪುಡಿ

ಹಾಗಾದರೆ ಅಲೋವೆರಾ ಬೇಡವಾ?

ಭಾಗ್ಯ_ಅಕ್ಕ

ಬೇಡಮ್ಮಾ, ಚರ್ಮದ ಡಾಕ್ಟರಿಗೆ ತೋರಿಸು ಅಂದರಲ್ಲ. ಮಗನ ಹತ್ತಿರ ಆ ಮಾತ್ರೆ ಇಸಿದುಕೊಂಡು ಎತ್ತಿಟ್ಟೆ. ಅವನಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು.

ಓಟಗಾರ_77

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ನ್ಯೂರಾಲಜಿಸ್ಟ್ ಬಳಿ ಹೋಗಿದ್ದೆ. ಕೂತ ಕೂಡಲೇ ಕೆಂಪಾದ ಫೋಟೋ ಇದೆಯಾ ಅಂತ ಕೇಳಿದರು. ಗೆಳೆಯ ತಮಾಷೆಗೆ ತೆಗೆದ ಆ ಫೋಟೋ ಕೆಲಸಕ್ಕೆ ಬಂತು. ಪಾಪೆಗೆ ಹನಿ ಬಿಟ್ಟು ಪರೀಕ್ಷಿಸಿದರು, ಎರಡೂ ಸರಿ ಇದೆ. ಎದೆ, ಕುತ್ತಿಗೆ ಸ್ಕ್ಯಾನ್‌ನಲ್ಲಿ ಗಂಟು ಯಾವುದೂ ಇಲ್ಲ. ಕಾರಣ ಗೊತ್ತಾಗಲಿಲ್ಲ. ಔಷಧಿ ಬೇಡ, ಓಡು ಅಂದರು. ಬಿಸಿಲಿನಲ್ಲಿ ಬಲಭಾಗ ಬೆವರುವುದಿಲ್ಲ, ಜೋಪಾನ ಅಂದರು. ಬೇರೆ ಏನಾದರೂ ಹೊಸದಾಗಿ ಕಂಡರೆ ವಾಪಸ್ ಬರಬೇಕಂತೆ.

ಐದನೇ ಟ್ಯೂಬ್ ಒಡೆದಿರಲಿಲ್ಲ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲ್ಲ ಅಂದ.

ಸವಿತಾ_ಧಾರವಾಡ

ಒಳ್ಳೆ ಸುದ್ದಿ. ನನ್ನ ಒಡಪಿನ ಎರಡನೇ ಸಾಲು ಈಗ ನೆನಪಾಯಿತು. "ರಾಯರ ಹೆಸರ ಹೇಳತೀನಿ, ಬಿಡ್ರಿ ನನ್ನ ದಾರಿ." ಬರೆಯುವಾಗ ಇಲ್ಲಿ ಯಾರೂ ಇಲ್ಲ, ಆದರೂ ಕಿವಿ ಬಿಸಿ ಆಯಿತು. ಇದಕ್ಕೆ ಲಿಯರಿಯವರು ಏನಂತಾರೆ ಮೇಡಂ? ಇಲ್ಲಿ ನೋಡುವವರೇ ಇಲ್ಲವಲ್ಲ!